ಕ್ರಯಪತ್ರದ ಹಿಂದಿನ ಮನಸ್ಸು

ನೋಂದಣಿಯಾದ ಕ್ರಯಪತ್ರವನ್ನು ಕೋರ್ಟು ಸುಲಭಕ್ಕೆ ರದ್ದು ಮಾಡುವುದಿಲ್ಲ. ಮಾಡಲೂಬಾರದು. ಜಮೀನು ಕೊಂಡವನು ಆ ಕಾಗದವನ್ನು ನಂಬಿ ಸಾಲ ತೆಗೆದಿರುತ್ತಾನೆ, ಬೋರ್‌ವೆಲ್ ಕೊರೆಸಿರುತ್ತಾನೆ, ಮನೆ ಕಟ್ಟಿರುತ್ತಾನೆ. ಆದರೆ ಕೆಲವು ಕ್ರಯಪತ್ರಗಳಲ್ಲಿ ಸಹಿ ಇರುತ್ತದೆ, ಫೋಟೊ ಇರುತ್ತದೆ, ಬೆರಳಚ್ಚು ಇರುತ್ತದೆ, ಸಬ್ ರಿಜಿಸ್ಟ್ರಾರರ ಮೊಹರೂ ಇರುತ್ತದೆ. ಇಲ್ಲದಿರುವುದು ಮಾರಿದವರ ಮನಸ್ಸು ಮಾತ್ರ. ಬುದ್ಧಿ ಮಸುಕಾದ ಮುದುಕಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡ ಪ್ರಕರಣಗಳು ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಹೊಸವಲ್ಲ. ಇಂಥ ದಾವೆಗಳು ಸೋಲುವುದು ಅನ್ಯಾಯ ನಡೆದಿಲ್ಲವೆಂದಲ್ಲ. ಎರಡು ಬೇರೆ ಬೇರೆ ಕಾರಣಗಳನ್ನು ಒಂದೇ ವಾದಪತ್ರದಲ್ಲಿ ಕಲಸಿಬಿಡುತ್ತಾರೆ, ಸಾಬೀತುಪಡಿಸಬೇಕಾದ ದಿನವನ್ನು ಬಿಟ್ಟು ಬೇರೆಲ್ಲ ದಿನಗಳ ಬಗ್ಗೆ ಸಾಕ್ಷಿ ಹೇಳಿಸುತ್ತಾರೆ. ಬಹುಪಾಲು ಸೋಲುಗಳ ಮೂಲ ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಕಾರಣ, ಮಾರಿದವರು ಅಸ್ವಸ್ಥಚಿತ್ತರಾಗಿದ್ದರು ಎನ್ನುವುದು. ಎರಡನೆಯದು, ಅವರ ಮೇಲೆ ಅನುಚಿತ ಪ್ರಭಾವ ಬೀರಲಾಗಿತ್ತು ಎನ್ನುವುದು. ಊರ ಮಾತಿನಲ್ಲಿ ಎರಡೂ ಒಂದೇ: "ತಲೆ ಸರಿ ಇರಲಿಲ್ಲ, ಪುಸಲಾಯಿಸಿ ಬರೆಸಿಕೊಂಡರು." ಕಾನೂನಿನಲ್ಲಿ ಇವೆರಡರ ದಾರಿ ಬೇರೆ. 1872ರ ಕರಾರು ಕಾಯ್ದೆಯ 11 ಮತ್ತು 12ನೇ ಕಲಂಗಳ ಪ್ರಕಾರ ಅಸ್ವಸ್ಥಚಿತ್ತರಿಗೆ ಕರಾರು ಮಾಡುವ ಅರ್ಹತೆಯೇ ಇಲ್ಲ. ಅವರು ಬರೆದುಕೊಟ್ಟ ಕ್ರಯ ಹುಟ್ಟುವಾಗಲೇ ಶೂನ್ಯ. 16ನೇ ಕಲಂ ಹೇಳುವ ಅನುಚಿತ ಪ್ರಭಾವದಲ್ಲಿ ಹಾಗಲ್ಲ. ಅಲ್ಲಿ ಮನಸ್ಸು ಇದೆ, ಆದರೆ ಅದು ಇನ್ನೊಬ್ಬರ ಹಿಡಿತದಲ್ಲಿದೆ. ಅಂಥ ಕ್ರಯ ಜೀವಂತವಾಗಿಯೇ ಹುಟ್ಟುತ್ತದೆ. ನೊಂದವರು ಬಂದು ಕೇಳಿದರೆ 19-ಎ ಕಲಂನಂತೆ ಕೋರ್ಟು ಅದನ್ನು ರದ್ದುಪಡಿಸಬಹುದು. ಕೇಳದಿದ್ದರೆ ಅದು ನಿಂತೇ ಇರುತ್ತದೆ.

ಈ ವ್ಯತ್ಯಾಸ ಬರೀ ಪಾಂಡಿತ್ಯದ ಮಾತಲ್ಲ. ಯಾರು ಏನನ್ನು ಸಾಬೀತುಪಡಿಸಬೇಕು, ಎಷ್ಟು ದಿನದೊಳಗೆ ಬರಬೇಕು, ಜಮೀನು ಮೂರನೆಯವರ ಕೈಸೇರಿದ್ದರೆ ವಾಪಸ್ ಬರುತ್ತದೆಯೇ, ಎಲ್ಲವೂ ಇದರ ಮೇಲೆ ನಿಂತಿವೆ.

ಅಸ್ವಸ್ಥಚಿತ್ತ ಎಂದರೆ ಹುಚ್ಚು ಎಂದು ಜನ ತಿಳಿಯುತ್ತಾರೆ. ಕಾಯ್ದೆ ಹಾಗೆ ಹೇಳಿಲ್ಲ. ಕರಾರು ಮಾಡುವ ಹೊತ್ತಿನಲ್ಲಿ ಆ ಕರಾರು ಏನೆಂದು ಅರ್ಥವಾಗಬೇಕು, ಅದರಿಂದ ತನ್ನ ಹಿತಕ್ಕೆ ಏನಾಗುತ್ತದೆ ಎಂದು ವಿವೇಚಿಸಲು ಆಗಬೇಕು. ಇಷ್ಟಿದ್ದರೆ ಸ್ವಸ್ಥಚಿತ್ತ, ಇದರಲ್ಲಿ ಒಂದು ಇಲ್ಲದಿದ್ದರೂ ಅಸ್ವಸ್ಥಚಿತ್ತ. 12ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಬುದ್ಧಿ ಸರಿಯಿಲ್ಲದವರು ಆಗಾಗ ಸರಿಯಾಗಿರುವುದುಂಟು, ಆ ವೇಳೆಯಲ್ಲಿ ಅವರು ಮಾಡಿದ ಕರಾರು ಸಿಂಧು. ಸಾಮಾನ್ಯವಾಗಿ ಸರಿಯಿರುವವರು ಜ್ವರದ ಸನ್ನಿಯಲ್ಲೋ ವಿಪರೀತ ಕುಡಿತದಲ್ಲೋ ಇದ್ದಾಗ ಮಾಡಿದ್ದು ಅಸಿಂಧು. ಅಂದರೆ ಕಾನೂನು ಕೇಳುವುದು ಮನುಷ್ಯನ ಬಗ್ಗೆ ಅಲ್ಲ, ಆ ಗಳಿಗೆಯ ಬಗ್ಗೆ.

ಪಟ್ನಾ ಹೈಕೋರ್ಟಿನ 1957ರ ತೀರ್ಪೊಂದನ್ನು ವಕೀಲಿ ಓದಿದವರೆಲ್ಲ ಬಲ್ಲರು. ಸುಮಾರು 25,000 ರೂಪಾಯಿ ಬೆಲೆಯ ಆಸ್ತಿಯನ್ನು ಒಬ್ಬಾತ 7,000ಕ್ಕೆ ಮಾರಲು ಒಪ್ಪಿದ್ದ. ಅವನು ಹುಟ್ಟಿನಿಂದಲೇ ಬುದ್ಧಿಮಾಂದ್ಯ, ವ್ಯವಹಾರ ಅವನಿಗೆ ಅರ್ಥವಾಗುವುದಿಲ್ಲ, ಹೆಚ್ಚಿನ ಹೊತ್ತು ಅಲ್ಲಿ ಇಲ್ಲಿ ಅಲೆಯುತ್ತಿರುತ್ತಾನೆ ಎಂಬುದನ್ನು ತಾಯಿ ಸಾಬೀತುಪಡಿಸಿದಳು. ಕೋರ್ಟು ಕ್ರಯವನ್ನು ಶೂನ್ಯವೆಂದಿತು. ಕರಾರಿಗೆ ಅನರ್ಹನಾಗಲು ಹುಚ್ಚನೇ ಆಗಿರಬೇಕಿಲ್ಲ, ನೋಡುವವರ ಕಣ್ಣಿಗೆ ಸರಿಯಾಗಿಯೇ ಕಾಣುವವನಿಗೂ ತನ್ನ ಹಿತದ ತೂಕ ತಿಳಿಯದೆ ಇರಬಹುದು ಎಂಬುದು ಆ ತೀರ್ಪಿನ ಸಾರ. ಕಡಿಮೆ ಬೆಲೆ ಅಲ್ಲಿ ಪೂರಕವಾಯಿತು, ಆದರೆ ಪ್ರಕರಣ ಗೆದ್ದದ್ದು ತಾಯಿಯ ಸಾಕ್ಷ್ಯದಿಂದ. ದಿನದಿನವೂ ಅವನನ್ನು ನೋಡಿದವಳು ಅವಳು.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದರು ಎಂಬುದಷ್ಟೇ ಅಸ್ವಸ್ಥಚಿತ್ತಕ್ಕೆ ಪುರಾವೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಕಲಂ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಸಮರ್ಥ ನ್ಯಾಯಾಲಯ ಘೋಷಿಸದ ಹೊರತು, ಕಾಯಿಲೆಯಿದೆ ಎಂದ ಮಾತ್ರಕ್ಕೆ ಆ ವ್ಯಕ್ತಿಯನ್ನು ಅಸ್ವಸ್ಥಚಿತ್ತರೆಂದು ತಿಳಿಯುವಂತಿಲ್ಲ. ಇದು ಒಳ್ಳೆಯ ಕಾನೂನು. ಖಿನ್ನತೆಗೆ ಮಾತ್ರೆ ನುಂಗುವ ಹೆಂಗಸು ತನ್ನ ಸೈಟು ಮಾರಿದ್ದಕ್ಕೆ ಅಣ್ಣತಮ್ಮಂದಿರು ಆಸ್ಪತ್ರೆಯ ಚೀಟಿ ಹಿಡಿದು ಕೋರ್ಟಿಗೆ ಬರುವುದನ್ನು ತಡೆಯಬೇಕಾದದ್ದೇ.

ಅನುಚಿತ ಪ್ರಭಾವಕ್ಕೆ ಬೇಕಾದ ಪುರಾವೆಯ ಕ್ರಮ ಬೇರೆ. 1924ರಲ್ಲಿ ಪ್ರಿವಿ ಕೌನ್ಸಿಲ್ ರಘುನಾಥ ಪ್ರಸಾದ್ ಪ್ರಕರಣದಲ್ಲಿ ಆ ಕ್ರಮವನ್ನು ಹಾಕಿಕೊಟ್ಟಿತು, ಇವತ್ತಿಗೂ ಅದೇ ನಡೆದಿದೆ. ಮೊದಲು ಇಬ್ಬರ ನಡುವಿನ ಸಂಬಂಧ ಎಂಥದು, ಒಬ್ಬರ ಇಚ್ಛೆಯ ಮೇಲೆ ಇನ್ನೊಬ್ಬರು ಹಿಡಿತ ಸಾಧಿಸುವಷ್ಟು ಅದು ಗಟ್ಟಿಯಾಗಿತ್ತೇ ಎಂದು ನೋಡಬೇಕು. ಆಮೇಲೆ ಆ ಹಿಡಿತ ಬಳಸಿಯೇ ಕರಾರು ಮಾಡಿಸಿಕೊಳ್ಳಲಾಯಿತೇ ಎಂಬ ಪ್ರಶ್ನೆ. ಮೂರನೆಯದು ಪುರಾವೆಯ ಹೊರೆ: ಹಿಡಿತವೂ ಸಾಬೀತಾಗಿ, ವ್ಯವಹಾರವೂ ಮೇಲ್ನೋಟಕ್ಕೇ ನ್ಯಾಯವಲ್ಲ ಎಂದು ಕಂಡರೆ, ಪ್ರಭಾವ ಬೀರಿಲ್ಲವೆಂದು ತೋರಿಸುವ ಹೊರೆ ಬರೆಸಿಕೊಂಡವರ ಮೇಲೆ ಬೀಳುತ್ತದೆ. ಈ ಹೊರೆ ಬದಲಾಗುವುದೇ ಇಂಥ ದಾವೆಗಳ ನಿರ್ಣಾಯಕ ತಿರುವು. ಆದರೆ ವಕೀಲರು ಎಷ್ಟೋ ಸಲ ಮೂರನೆಯ ಹಂತದಿಂದಲೇ ಶುರುಮಾಡುತ್ತಾರೆ. ಬೆಲೆ ಕಡಿಮೆ, ಆದ್ದರಿಂದ ಪ್ರಭಾವ ಇದೆ ಎನ್ನುತ್ತಾರೆ. ಅದು ನಿಲ್ಲುವುದಿಲ್ಲ.

ರಕ್ತಸಂಬಂಧ, ಮುಪ್ಪು ಇವಷ್ಟರಿಂದಲೇ ಹಿಡಿತ ಸಾಬೀತಾಗುವುದಿಲ್ಲ. 1967ರ ಸುಭಾಷ್ ಚಂದ್ರ ದಾಸ್ ಮುಷಿಬ್ ಪ್ರಕರಣದಲ್ಲಿ ಅಜ್ಜ ಮೊಮ್ಮಗನಿಗೆ ಆಸ್ತಿ ದಾನ ಕೊಟ್ಟಿದ್ದ. ವಯಸ್ಸಾಗಿತ್ತು, ಹತ್ತಿರದ ಸಂಬಂಧ ಇತ್ತು ಎಂಬುದರಿಂದ ಮಾತ್ರ ಪ್ರಭಾವವನ್ನು ಊಹಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದಕ್ಕೆ ಎದುರಾಗಿ 2003ರ ಕೃಷ್ಣ ಮೋಹನ್ ಕುಲ್ ಪ್ರಕರಣವಿದೆ. ಅಲ್ಲಿ ಪತ್ರ ಬರೆದುಕೊಟ್ಟ ಮನುಷ್ಯನಿಗೆ ನೂರು ದಾಟಿತ್ತು, ಅನಕ್ಷರಸ್ಥ, ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ. ಅವನೇ ಹೆಬ್ಬೆಟ್ಟು ಒತ್ತಿದ್ದನ್ನು ಕಂಡೆ ಎಂದು ಹೇಳಲು ಒಬ್ಬ ಸಾಕ್ಷಿಯೂ ಸಿಗಲಿಲ್ಲ. ನಂಬಿಕೆಯ ಸ್ಥಾನದಲ್ಲಿದ್ದು ಲಾಭ ಪಡೆದವರೇ ವ್ಯವಹಾರ ಪ್ರಾಮಾಣಿಕವೆಂದು ತೋರಿಸಬೇಕು ಎಂದು ಅದೇ ಕೋರ್ಟು ಹೇಳಿತು. ಎರಡು ತೀರ್ಪುಗಳ ನಡುವೆ ವಿರೋಧವಿಲ್ಲ. ಮೊದಲನೆಯದರಲ್ಲಿ ಸಂಬಂಧ ಮಾತ್ರ ಇತ್ತು, ಎರಡನೆಯದರಲ್ಲಿ ಅವಲಂಬನೆ ಇತ್ತು. ಊಟಕ್ಕೆ, ಔಷಧಿಗೆ, ಬ್ಯಾಂಕಿನ ಪಾಸ್‌ಬುಕ್ಕಿಗೆ ಒಬ್ಬರನ್ನೇ ನೆಚ್ಚಿಕೊಂಡ ಬದುಕು ಹೇಗಿರುತ್ತದೆ ಎಂಬುದನ್ನು ವಾದಪತ್ರ ತೋರಿಸಬೇಕು. "ವಯೋವೃದ್ಧರು" ಎಂಬ ವಿಶೇಷಣ ಅದನ್ನು ತೋರಿಸುವುದಿಲ್ಲ.

ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡು ನೋಡೋಣ. ವಿವರಗಳು ಕಲ್ಪಿತವಾದರೂ ಇಂಥದ್ದನ್ನು ಕಂಡವರು ಬಹಳ ಮಂದಿ.

79 ವರ್ಷದ ವಿಧವೆ. ಹೆಸರಿನಲ್ಲಿ ಎರಡು ಎಕರೆ ಹತ್ತು ಗುಂಟೆ ತೆಂಗಿನ ತೋಟ, ಗಂಡನಿಂದ ಬಂದದ್ದು, ಅವಳದೇ ಪೂರ್ಣ ಹಕ್ಕು. ಒಬ್ಬನೇ ಮಗ ಪುಣೆಯಲ್ಲಿ. ಮನೆಯಲ್ಲಿ ಜೊತೆಗಿರುವವನು ತಂಗಿಯ ಮೊಮ್ಮಗ. ಪಿಂಚಣಿ ತರುವವನು ಅವನೇ, ತೆಂಗಿನಕಾಯಿ ಮಾರುವವನೂ ಅವನೇ. ಮಾರ್ಚಿಯಲ್ಲಿ ಅವಳು ಬಚ್ಚಲಲ್ಲಿ ಬಿದ್ದು ಆಸ್ಪತ್ರೆ ಸೇರಿದಾಗ ವೈದ್ಯರು ಮರೆವಿನ ಪರೀಕ್ಷೆ ಮಾಡಿ, ಡಿಮೆನ್ಷಿಯಾ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದರು. ಆಗಸ್ಟಿನಲ್ಲಿ ಆ ಹುಡುಗನ ಹೆಂಡತಿಯ ಹೆಸರಿಗೆ ಶುದ್ಧ ಕ್ರಯಪತ್ರ ನೋಂದಣಿಯಾಯಿತು. ಬೆಲೆ 22 ಲಕ್ಷ 50 ಸಾವಿರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಧಿಕಾರಿ ಕೇಳಿದ್ದು ಎರಡೇ ಮಾತು: "ಏನಜ್ಜಿ, ತೋಟ ಮಾರ್ತಿದ್ದೀರಾ? ದುಡ್ಡು ಬಂತಾ?" ಅಜ್ಜಿ "ಹೂಂ" ಎಂದಳು. ಪಕ್ಕದಲ್ಲಿ ಹುಡುಗ ನಿಂತಿದ್ದ. ಮರುವರ್ಷ ಯುಗಾದಿಗೆ ಬಂದ ಮಗ ಪಹಣಿ ತೆಗೆಸಿ ನೋಡಿದಾಗ 9ನೇ ಕಾಲಂನಲ್ಲಿ ಅಮ್ಮನ ಹೆಸರು ಇರಲಿಲ್ಲ.

ಇಲ್ಲಿ ಬೆಲೆಯ ವಾದ ಎಡವುತ್ತದೆ. ಆ ಪ್ರದೇಶದ ಮಾರ್ಗಸೂಚಿ ಬೆಲೆ 22 ಲಕ್ಷ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ನಿಲ್ಲುವುದಿಲ್ಲವಾದ್ದರಿಂದ ಬರೆಸಿಕೊಳ್ಳುವವರು ಕಾಗದದಲ್ಲಿ ಅಷ್ಟನ್ನು ತೋರಿಸಿಯೇ ಇರುತ್ತಾರೆ. ಮಾರುಕಟ್ಟೆ ದರ ಅದಕ್ಕಿಂತ ಬಹಳ ಹೆಚ್ಚಿದ್ದರೂ ಬೆಲೆ ಸಾಲದು ಎಂಬುದರಿಂದ ಮಾತ್ರ ಕರಾರು ಬೀಳುವುದಿಲ್ಲ. ಕರಾರು ಕಾಯ್ದೆಯ 25ನೇ ಕಲಂ ವಿವರಣೆಯ ಪ್ರಕಾರ ಸಮ್ಮತಿ ಮುಕ್ತವಾಗಿತ್ತೇ ಎಂದು ತೂಗುವಾಗ ಕೋರ್ಟು ಬೆಲೆಯನ್ನು ಗಮನಿಸಬಹುದು, ಅಷ್ಟೇ. ಹಾಗಾಗಿ ನೋಡಬೇಕಾದದ್ದು ಕಾಗದದ ಬೆಲೆಯನ್ನಲ್ಲ, ದುಡ್ಡು ಹೋದ ದಾರಿಯನ್ನು.

ಕ್ರಯಪತ್ರದಲ್ಲಿ ಹೀಗೆ ಬರೆದಿದೆ: ನಾಲ್ಕು ಲಕ್ಷ ಚೆಕ್ಕಿನಲ್ಲಿ, ಉಳಿದ ಹದಿನೆಂಟೂವರೆ ಲಕ್ಷವನ್ನು "ನನ್ನ ಸಂಸಾರದ ಅಡಚಣೆಗಾಗಿ ಈ ಮೊದಲೇ ನಗದಾಗಿ ಪಡೆದಿರುತ್ತೇನೆ." ಒಂಟಿ ಮುದುಕಿಗೆ ಹದಿನೆಂಟೂವರೆ ಲಕ್ಷದ ಯಾವ ಅಡಚಣೆ? ಸಾಲವಿತ್ತೇ, ಮದುವೆಯಿತ್ತೇ, ಆಪರೇಷನ್ ಇತ್ತೇ? ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅಂದಮಾತ್ರಕ್ಕೆ ಕ್ರಯ ಅಸಿಂಧುವಾಗುವುದಿಲ್ಲ, ಆದರೆ ಪಾಟಿ ಸವಾಲಿನಲ್ಲಿ ಕೊಂಡವರು ಈ ನಗದು ಎಲ್ಲಿಂದ ಬಂತೆಂದು ಹೇಳಬೇಕಾಗುತ್ತದೆ. ಚೆಕ್ಕಿನ ನಾಲ್ಕು ಲಕ್ಷ ಅಜ್ಜಿಯ ಖಾತೆಗೆ ಜಮೆಯಾದದ್ದು ನಿಜ. ಮೂರನೆಯ ದಿನ 3 ಲಕ್ಷ 90 ಸಾವಿರ ವಾಪಸ್ ತೆಗೆಯಲಾಗಿದೆ. ಹಣ ತೆಗೆಯುವ ಚೀಟಿಯಲ್ಲಿ ಅಜ್ಜಿಯ ಹೆಬ್ಬೆಟ್ಟು, ಹೆಬ್ಬೆಟ್ಟಿಗೆ ಸಾಕ್ಷಿಯಾಗಿ ಆ ಹುಡುಗನ ಸಹಿ. ಇಡೀ ದಾವೆಯಲ್ಲಿ ಇದಕ್ಕಿಂತ ಬಲವಾದ ಕಾಗದ ಇನ್ನೊಂದಿಲ್ಲ. ಬ್ಯಾಂಕಿನಿಂದ ಅದನ್ನು ತರಿಸುವಂತೆ ಕೋರ್ಟಿನಿಂದ ಸಮನ್ಸ್ ಕೊಡಿಸಬೇಕು. ಹಳೆಯ ಚೀಟಿಗಳನ್ನು ಬ್ಯಾಂಕುಗಳು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಬೇಗ.

ಇನ್ನು ಮನಸ್ಸಿನ ಪ್ರಶ್ನೆ. ಡಿಸ್ಚಾರ್ಜ್ ಚೀಟಿ ಮಾರ್ಚಿಯದು, ಕ್ರಯ ಆಗಸ್ಟಿನದು. ಡಿಮೆನ್ಷಿಯಾ ಸಾಮಾನ್ಯವಾಗಿ ಹೆಚ್ಚುತ್ತ ಹೋಗುವ ಕಾಯಿಲೆ, ವಾಸಿಯಾಗುವಂಥದಲ್ಲ. ಆದ್ದರಿಂದ ಕ್ರಯಕ್ಕೆ ಮೊದಲಿನ ದಾಖಲೆಗೆ ಬೆಲೆ ಹೆಚ್ಚು. ದಾವೆ ಹೂಡಿದ ಮೇಲೆ, ಎರಡು ವರ್ಷದ ನಂತರ ತಂದ ಸರ್ಟಿಫಿಕೇಟಿಗೆ ಬೆಲೆ ಕಡಿಮೆ, ಏಕೆಂದರೆ ಅದು ಹೇಳುವುದು ಇವತ್ತಿನ ಸ್ಥಿತಿಯನ್ನು. ಚೀಟಿ ಹಾಜರುಪಡಿಸಿದರಷ್ಟೇ ಸಾಲದು, ಪರೀಕ್ಷಿಸಿದ ವೈದ್ಯರನ್ನು ಸಾಕ್ಷಿಕಟ್ಟೆಗೆ ತರಬೇಕು. ಅವರನ್ನು ಕೇಳಬೇಕಾದ ಪ್ರಶ್ನೆ "ಇವರಿಗೆ ಡಿಮೆನ್ಷಿಯಾ ಇತ್ತೇ" ಎಂಬುದಲ್ಲ. ತಾರೀಕು, ಊರು, ಚಿಲ್ಲರೆ ಲೆಕ್ಕ ಇವರಿಗೆ ತಿಳಿಯುತ್ತಿತ್ತೇ? ತೋಟ ಮಾರಿದರೆ ಅದು ಮತ್ತೆ ತನ್ನದಲ್ಲ ಎಂಬುದನ್ನು ಗ್ರಹಿಸುವ ಸ್ಥಿತಿಯಲ್ಲಿದ್ದರೇ? 12ನೇ ಕಲಂ ಕೇಳುವುದು ಅದನ್ನೇ. ಜೊತೆಗೆ ಪಕ್ಕದ ಮನೆಯವರು, ನ್ಯಾಯಬೆಲೆ ಅಂಗಡಿಯವರು, ಹಾಲಿನ ಡೇರಿಯವರು. ಸತ್ತ ಗಂಡನಿಗೆ ಅಜ್ಜಿ ಜುಲೈಯಲ್ಲಿ ತಟ್ಟೆ ಹಾಕಿ ಕಾಯುತ್ತಿದ್ದಳು ಎಂದು ನೆರೆಯವಳು ಹೇಳಿದರೆ, ಅದು ವೈದ್ಯರ ಅಂಕಿಗಿಂತ ನೇರವಾಗಿ ನ್ಯಾಯಾಧೀಶರನ್ನು ಮುಟ್ಟುತ್ತದೆ. ಮನುಷ್ಯರು ಸ್ವಸ್ಥಚಿತ್ತರೆಂದೇ ಕಾನೂನು ಮೊದಲು ಭಾವಿಸುತ್ತದೆ, ಇಲ್ಲವೆನ್ನುವವರು ಸಾಬೀತುಪಡಿಸಬೇಕು. ಆದರೆ ಬುದ್ಧಿ ಸಾಮಾನ್ಯವಾಗಿ ಕೆಟ್ಟಿತ್ತೆಂದು ಒಮ್ಮೆ ಸಾಬೀತಾದರೆ, ಆ ದಿನ ಮಾತ್ರ ತಿಳಿಯಾಗಿತ್ತು ಎನ್ನುವವರ ಮೇಲೆ ಹೊರೆ ತಿರುಗುತ್ತದೆ.

ಈಗ ವಾದಪತ್ರ ಹೇಗಿರಬೇಕು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಮೊದಲ ಪ್ರಾರ್ಥನೆ: ಕ್ರಯದ ದಿನ ವಾದಿ ಅಸ್ವಸ್ಥಚಿತ್ತಳಾಗಿದ್ದರಿಂದ ಪತ್ರ ಶೂನ್ಯವೆಂದು ಘೋಷಿಸಬೇಕು. ಅದು ಸಾಬೀತಾಗದಿದ್ದರೆ, ಪರ್ಯಾಯವಾಗಿ: ಮುಪ್ಪು ಮತ್ತು ಕಾಯಿಲೆಯಿಂದ ದುರ್ಬಲವಾದ ಮನಸ್ಸಿನ ಮೇಲೆ ಪ್ರಭಾವ ಬೀರಿ ಬರೆಸಿಕೊಂಡದ್ದರಿಂದ, ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಂನಂತೆ ರದ್ದುಪಡಿಸಬೇಕು. ಕರಾರು ಕಾಯ್ದೆಯ 16ನೇ ಕಲಂ ಈ ನಡುವಿನ ಸ್ಥಿತಿಯನ್ನು ಗುರುತಿಸಿಯೇ ಇದೆ: ವಯಸ್ಸು, ಕಾಯಿಲೆ, ಮಾನಸಿಕ ಅಥವಾ ದೈಹಿಕ ಸಂಕಟದಿಂದ ಬುದ್ಧಿಶಕ್ತಿ ತಾತ್ಕಾಲಿಕವಾಗಿಯೋ ಶಾಶ್ವತವಾಗಿಯೋ ಕುಂದಿದವರೊಡನೆ ಕರಾರು ಮಾಡಿಕೊಂಡವರು ಹಿಡಿತದ ಸ್ಥಾನದಲ್ಲಿದ್ದರೆಂದೇ ಅದು ಭಾವಿಸುತ್ತದೆ. ಎರಡನ್ನೂ ಕೇಳಬಹುದು, ಆದರೆ ಒಂದರ ನಂತರ ಒಂದಾಗಿ, ಪ್ರತಿಯೊಂದಕ್ಕೂ ಅದರದೇ ಸಂಗತಿಗಳೊಂದಿಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮ ಇದನ್ನು ಕಡ್ಡಾಯ ಮಾಡುತ್ತದೆ. ಯಾರು, ಯಾವ ಸಂಬಂಧದಿಂದ, ಯಾವಾಗ, ಹೇಗೆ ಪ್ರಭಾವ ಬೀರಿದರು ಎಂಬ ವಿವರವಿಲ್ಲದ ಆರೋಪವನ್ನು ಕೋರ್ಟು ಪರಿಗಣಿಸುವುದಿಲ್ಲ. "ಮೋಸ, ಬಲವಂತ, ಅನುಚಿತ ಪ್ರಭಾವ ಇತ್ಯಾದಿಗಳಿಂದ" ಎಂದು ಒಂದೇ ಸಾಲಿನಲ್ಲಿ ಎಲ್ಲವನ್ನೂ ಹೇಳುವ ನಮ್ಮ ವಾದಪತ್ರಗಳ ಅಭ್ಯಾಸ ಎಷ್ಟು ನಿಜವಾದ ಪ್ರಕರಣಗಳನ್ನು ಕೊಂದಿದೆಯೋ! ಮೂರೂ ಬೇರೆ ಬೇರೆ. ಯಾವುದನ್ನೂ ವಿವರಿಸದೆ ಎಲ್ಲವನ್ನೂ ಹೇಳಿದರೆ ಯಾವುದನ್ನೂ ಹೇಳದಂತೆಯೇ ಆಗುತ್ತದೆ.

ದಾವೆ ಯಾರ ಹೆಸರಿನಲ್ಲಿ? ಮಗನ ಹೆಸರಿನಲ್ಲಿ ಅಲ್ಲ. ತೋಟ ಅಮ್ಮನ ಸ್ವಂತದ್ದು. ಅವಳು ಬದುಕಿರುವವರೆಗೆ ಅದರಲ್ಲಿ ಅವನಿಗೆ ಹಕ್ಕಿಲ್ಲ. ಎಷ್ಟೋ ಮಕ್ಕಳು ತಾವೇ ವಾದಿಗಳಾಗಿ ಬಂದು ಮೊದಲ ಆಕ್ಷೇಪಣೆಯಲ್ಲೇ ಬೀಳುತ್ತಾರೆ. ಅಮ್ಮನೇ ವಾದಿ, ಮಗ ಅವಳ ವಾದಮಿತ್ರ. 32ನೇ ಆದೇಶದ 15ನೇ ನಿಯಮದಂತೆ, ಅವಳು ಈಗ ತನ್ನ ಹಿತವನ್ನು ತಾನೇ ಕಾಪಾಡಿಕೊಳ್ಳಲು ಅಸಮರ್ಥಳೇ ಎಂದು ಕೋರ್ಟು ವಿಚಾರಣೆ ಮಾಡಿ ಒಪ್ಪಬೇಕು. ಈ ವಿಚಾರಣೆ ಇವತ್ತಿನ ಅಸಮರ್ಥತೆಯದು. ಕ್ರಯದ ದಿನದ ಅಸಮರ್ಥತೆಯನ್ನು ಬೇರೆಯಾಗಿಯೇ ಸಾಬೀತುಪಡಿಸಬೇಕು. ಎರಡನ್ನೂ ಒಂದೆಂದು ತಿಳಿದ ವಾದಿ ಕೊನೆಗೆ ಪೆಟ್ಟು ತಿನ್ನುತ್ತಾನೆ. ತಾಯಿ ತೀರಿಕೊಂಡರೆ ವಾರಸುದಾರರಾಗಿ ಮಕ್ಕಳು ಮುಂದುವರಿಸಬಹುದು.

ಕಾಲದ ವಿಷಯದಲ್ಲಿ ಕಾನೂನು ಕಠಿಣ. ಪತ್ರ ರದ್ದತಿಯ ದಾವೆಗೆ ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದ ಮೂರು ವರ್ಷ ಕೊಡುತ್ತದೆ, ರದ್ದತಿಗೆ ಕಾರಣವಾಗುವ ಸಂಗತಿಗಳು ಮೊದಲು ತಿಳಿದಂದಿನಿಂದ. ಪ್ರಭಾವದ ಹಿಡಿತದಿಂದ ಹೊರಬಂದ ದಿನದಿಂದ ಅಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲ. ಪತ್ರದ ನಿಜ ಸ್ವರೂಪ ತಿಳಿದ ದಿನದಿಂದಲೇ ಕಾಲ ಓಡುತ್ತದೆ, ಹಿಡಿತದಿಂದ ಬಿಡಿಸಿಕೊಂಡ ದಿನದಿಂದಲ್ಲ ಎಂದು 1934ರಲ್ಲೇ ಪ್ರಿವಿ ಕೌನ್ಸಿಲ್ ಸೋಮೇಶ್ವರ ದತ್ತ್ ಪ್ರಕರಣದಲ್ಲಿ ಹೇಳಿದೆ. ತನ್ನನ್ನು ನೋಡಿಕೊಳ್ಳುವವರ ವಿರುದ್ಧ ಅದೇ ಮನೆಯಲ್ಲಿದ್ದುಕೊಂಡು ದಾವೆ ಹಾಕು ಎಂದಂತಾಯಿತು ಇದು. ಈ ನಿಯಮ ನ್ಯಾಯವಲ್ಲ, ಶಾಸಕಾಂಗ ಇದನ್ನು ತಿದ್ದಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಸ್ವಸ್ಥಚಿತ್ತರಿಗೆ ಕಾನೂನು ಇದಕ್ಕಿಂತ ಕರುಣೆ ತೋರಿದೆ. 6ನೇ ಕಲಂನಂತೆ ಆ ಅಸಮರ್ಥತೆ ಇರುವವರೆಗೆ ಅವರ ಮಟ್ಟಿಗೆ ಕಾಲ ಶುರುವಾಗುವುದಿಲ್ಲ. ಪತ್ರ ಶೂನ್ಯವೇ ಆಗಿದ್ದರೆ ಅದನ್ನು ರದ್ದು ಮಾಡಿಸುವ ಅಗತ್ಯವೇ ಇಲ್ಲ ಎಂದು 2006ರ ಪ್ರೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಗ ಸ್ವಾಧೀನ ಕೇಳಲು ಹನ್ನೆರಡು ವರ್ಷದ ಅವಧಿಯೂ ಸಿಗಬಹುದು. ಆದರೂ ಇದನ್ನು ನೆಚ್ಚಿಕೊಂಡು ಕೂರುವುದು ಅಪಾಯ. ಕೋರ್ಟು ಅಸ್ವಸ್ಥತೆಯನ್ನು ಒಪ್ಪದೆ ಪ್ರಭಾವವನ್ನು ಮಾತ್ರ ಒಪ್ಪಿದರೆ ಮೂರು ವರ್ಷದ ಗೆರೆಯೇ ಗತಿ.

ಈ ಮೂರು ವರ್ಷಗಳನ್ನು ಜನ ತಪ್ಪು ಬಾಗಿಲು ತಟ್ಟಿ ಕಳೆಯುತ್ತಾರೆ. ಕೆಲವರು ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ ತಾವೊಬ್ಬರೇ ರದ್ದತಿ ಪತ್ರ ಬರೆದು ನೋಂದಾಯಿಸಲು ನೋಡುತ್ತಾರೆ. ಕ್ರಯಪತ್ರವನ್ನು ಮಾರಿದವರು ಏಕಪಕ್ಷೀಯವಾಗಿ ರದ್ದು ಮಾಡುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2008ರಲ್ಲೇ ಹೇಳಿದೆ. ಆ ಅಧಿಕಾರ ಸಿವಿಲ್ ಕೋರ್ಟಿನದು. ಕೆಲವರು ಖಾತೆ ಬದಲಾವಣೆಯ ವಿರುದ್ಧ ತಹಶೀಲ್ದಾರರಲ್ಲಿ, ಆಮೇಲೆ ಉಪವಿಭಾಗಾಧಿಕಾರಿಗಳಲ್ಲಿ ವರ್ಷಗಟ್ಟಲೆ ಓಡಾಡುತ್ತಾರೆ. ಆಕ್ಷೇಪಣೆ ಸಲ್ಲಿಸುವುದು ಸರಿಯೇ, ಆದರೆ ಕಂದಾಯ ದಾಖಲೆ ಹಕ್ಕನ್ನು ತೀರ್ಮಾನಿಸುವುದಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ ಹೆಸರನ್ನೂ ಈಗೀಗ ಎಲ್ಲರೂ ಎತ್ತುತ್ತಾರೆ. ಅದರ 23ನೇ ಕಲಂ ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ವಾಪಸ್ ಪಡೆಯಲು ಒಳ್ಳೆಯ ದಾರಿ. ದಾನಪತ್ರಗಳಿಗೆ ಹೆಚ್ಚಾಗಿ ಹೊಂದುತ್ತದೆ. ಹಣ ಪಡೆದೆನೆಂದು ಬರೆದ ಶುದ್ಧ ಕ್ರಯಪತ್ರಕ್ಕೆ ಅದು ಬಗ್ಗುವುದು ಕಷ್ಟ. ಅಜ್ಜಿಯ ತೋಟದ ಬಾಗಿಲು ಸಿವಿಲ್ ಕೋರ್ಟೇ.

ದಾವೆಯ ಜೊತೆಗೇ, ಆಸ್ತಿಯನ್ನು ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ಇದು ಬರೀ ಔಪಚಾರಿಕತೆಯಲ್ಲ. ಪ್ರಭಾವದಿಂದ ಬರೆಸಿಕೊಂಡ ಕ್ರಯ ರದ್ದಾಗುವವರೆಗೆ ಸಿಂಧು. ಅಷ್ಟರಲ್ಲಿ ಹುಡುಗನ ಹೆಂಡತಿ ಏನೂ ತಿಳಿಯದ ಮೂರನೆಯವರಿಗೆ ಸರಿಯಾದ ಬೆಲೆಗೆ ಮಾರಿಬಿಟ್ಟರೆ, ಆ ಪ್ರಾಮಾಣಿಕ ಖರೀದಿದಾರನ ವಿರುದ್ಧ ಪರಿಹಾರ ಸಿಗುವುದು ಕಷ್ಟ. ಅಸ್ವಸ್ಥಚಿತ್ತದ ಕ್ರಯದಲ್ಲಿ ಹೀಗಿಲ್ಲ. ಹಕ್ಕೇ ವರ್ಗವಾಗಿಲ್ಲವಾದ್ದರಿಂದ ಮುಂದೆ ಮಾರಲು ಅವಳ ಹತ್ತಿರ ಏನೂ ಇರುವುದಿಲ್ಲ. ದಾವೆ ಬಾಕಿ ಇರುವಾಗ ಕೊಂಡವರು ಯಾರೇ ಆಗಲಿ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂನಂತೆ ದಾವೆಯ ಫಲಿತಾಂಶಕ್ಕೆ ಬದ್ಧರು.

ಗೆದ್ದರೆ ದುಡ್ಡು ವಾಪಸ್ ಕೊಡಬೇಕೆ? ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಂನಂತೆ, ವಾದಿಗೆ ನಿಜಕ್ಕೂ ತಲುಪಿದ ಲಾಭವನ್ನು ಹಿಂದಿರುಗಿಸಲು ಕೋರ್ಟು ಹೇಳಬಹುದು. ಅಜ್ಜಿಗೆ ತಲುಪಿದ್ದು ಹತ್ತು ಸಾವಿರ ಎಂದಾದರೆ ಆ ಹತ್ತು ಸಾವಿರ. ಬ್ಯಾಂಕಿನ ಚೀಟಿ ಇಲ್ಲಿ ಎರಡನೆಯ ಸಲ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಎದುರಿನ ಮಾತನ್ನೂ ಹೇಳಲೇಬೇಕು. ಇಂಥ ದಾವೆಗಳಲ್ಲಿ ಒಂದು ಪಾಲು ಸುಳ್ಳು. ಮಗ ತಿರುಗಿ ನೋಡಿರುವುದಿಲ್ಲ, ಅಮ್ಮ ತನ್ನ ಔಷಧಿ ಊಟಕ್ಕೆಂದು ಜಮೀನು ಮಾರಿ, ನೋಡಿಕೊಂಡವರಿಗೆ ಸ್ವಲ್ಪ ಅಗ್ಗಕ್ಕೇ ಕೊಟ್ಟಿರುತ್ತಾಳೆ. ಅವಳು ತೀರಿಕೊಂಡ ಮೇಲೆ ಮಗನಿಗೆ ಅಮ್ಮನ ಬುದ್ಧಿ ಸರಿಯಿರಲಿಲ್ಲವೆಂದು ನೆನಪಾಗುತ್ತದೆ. ತನ್ನ ಆಸ್ತಿಯನ್ನು ತನಗೆ ಬೇಕಾದವರಿಗೆ, ಬೇಕಾದ ಬೆಲೆಗೆ ಮಾರುವ ಹಕ್ಕು ಎಂಬತ್ತರ ಹೆಂಗಸಿಗೂ ಇದೆ. ಅದರಲ್ಲಿ ಲೆಕ್ಕಾಚಾರದ ತಪ್ಪು ಮಾಡುವ ಹಕ್ಕೂ ಇದೆ. ಅದನ್ನು ಕಾಪಾಡಲೆಂದೇ ಕೋರ್ಟುಗಳು ಪುರಾವೆಯನ್ನು ಇಷ್ಟು ಬಿಗಿ ಮಾಡಿವೆ. 2006ರ ಅನಿಲ್ ರಿಷಿ ಪ್ರಕರಣದಲ್ಲಿ ಕೆಳಕೋರ್ಟು ಪುರಾವೆಯ ಹೊರೆಯನ್ನು ನೇರವಾಗಿ ಕೊಂಡವರ ಮೇಲೆ ಹೊರಿಸಿದಾಗ, ಮೊದಲು ಆರೋಪಿಸಿದವರು ಆ ನಂಬಿಕೆಯ ಸಂಬಂಧವನ್ನು ಸಾಬೀತುಪಡಿಸಲಿ ಎಂದು ಸುಪ್ರೀಂ ಕೋರ್ಟ್ ತಿದ್ದಿತು. ಅದು ಸರಿಯಾದ ತಿದ್ದುಪಡಿ.

ಈ ಎರಡು ನ್ಯಾಯಗಳನ್ನೂ ಒಟ್ಟಿಗೆ ಉಳಿಸುವ ಜಾಗ ಒಂದಿದೆ, ಅದು ನೋಂದಣಿಯ ಮೇಜು. 1908ರ ನೋಂದಣಿ ಕಾಯ್ದೆಯ 35ನೇ ಕಲಂ, ಪತ್ರ ಬರೆದುಕೊಟ್ಟವರು ಬುದ್ಧಿಮಾಂದ್ಯರಾಗಿ ಅಥವಾ ಬುದ್ಧಿಭ್ರಮಣೆಯವರಾಗಿ ಕಂಡರೆ ನೋಂದಣಿ ನಿರಾಕರಿಸುವ ಅಧಿಕಾರವನ್ನು ಸಬ್ ರಿಜಿಸ್ಟ್ರಾರರಿಗೆ ಈಗಾಗಲೇ ಕೊಟ್ಟಿದೆ. ಆದರೆ ಕೊಂಡವರು ಪಕ್ಕದಲ್ಲೇ ನಿಂತಿರುವಾಗ ಕೇಳಿದ "ದುಡ್ಡು ಬಂತಾ?" ಎಂಬ ಪ್ರಶ್ನೆಗೆ ಬಂದ "ಹೂಂ"ನಿಂದ ಏನನ್ನೂ ಕಾಣಲಾಗದು. ಎಪ್ಪತ್ತೈದು ದಾಟಿದವರನ್ನು, ಹೆಬ್ಬೆಟ್ಟಿನವರನ್ನು ಬೇರೆ ಕೋಣೆಗೆ ಕರೆದು ಏನನ್ನು ಮಾರುತ್ತಿದ್ದೀರಿ, ಯಾರಿಗೆ, ಎಷ್ಟಕ್ಕೆ, ಇನ್ನು ಮುಂದೆ ನಿಮ್ಮ ಜೀವನ ಹೇಗೆ ಎಂಬ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಸಾಕು. ಬುದ್ಧಿ ಸರಿಯಿರುವ ಅಜ್ಜಿಯ ಕ್ರಯವನ್ನು ನಾಳೆ ಯಾವ ಮಗನೂ ಅಲುಗಿಸಲಾರ. ಬುದ್ಧಿ ಮಸುಕಾದ ಅಜ್ಜಿಯ ತೋಟ ಅಂದೇ ಉಳಿಯುತ್ತದೆ. ಹೊಸ ಕಾಯ್ದೆ ಬೇಕಿಲ್ಲ. ಇಲಾಖೆಯ ಒಂದು ಸುತ್ತೋಲೆ ಸಾಕು. ನೋಂದಣಿ ಇಲಾಖೆ ಅದನ್ನು ಹೊರಡಿಸಬೇಕು.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಇಂಥ ಅನುಮಾನವಿದ್ದರೆ ಈ ವಾರವೇ ಋಣಭಾರ ಪತ್ರ ತೆಗೆಸಿ, ಕ್ರಯಪತ್ರದ ದೃಢೀಕೃತ ನಕಲು ಪಡೆಯಿರಿ. ಅದರ ತಾರೀಕನ್ನು ಆಸ್ಪತ್ರೆಯ ಚೀಟಿಯ ತಾರೀಕಿನ ಪಕ್ಕದಲ್ಲಿಟ್ಟು ನೋಡಿ, ಅದೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ, ಮೂರನ್ನೂ ಹಿಡಿದುಕೊಂಡು ವಕೀಲರ ಹತ್ತಿರ ಹೋಗಿ.